ಉಬ್ಬಸ ಮತ್ತು ಸಿಒಪಿಡಿ: ಗಾಳಿ ಸಿಕ್ಕಿಹಾಕಿಕೊಳ್ಳುವ ಜಾಗ, ಕಾರಣ ಎರಡೂ ಬೇರೆನಾ?

ಕಾವ್ಯ_ನರ್ಸಿಂಗ್2, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಈ ವಾರ ನನಗೆ ಮೆಡಿಸಿನ್ ವಾರ್ಡ್ ಪೋಸ್ಟಿಂಗ್. ಅಕ್ಕಪಕ್ಕದ ಬೆಡ್‌ನಲ್ಲಿ ಇಬ್ಬರು ಪೇಷಂಟ್ ಇದ್ದಾರೆ. ಒಬ್ಬಳು 22ರ ಹುಡುಗಿ, ಚಿಕ್ಕಂದಿನಿಂದ ಉಬ್ಬಸ. ಇನ್ನೊಬ್ಬರು 58ರ ಅಮ್ಮ. ಮಂಡಕ್ಕಿ ಭಟ್ಟಿಯಲ್ಲಿ ಬಹಳ ವರ್ಷ ದುಡಿದವರು, ಬೀಡಿ ಸಿಗರೇಟು ಮುಟ್ಟಿದವರೇ ಅಲ್ಲ. ಅವರ ಕೇಸ್ ಶೀಟ್‌ನಲ್ಲಿ ಸಿಒಪಿಡಿ ಅಂತ ಬರೆದಿದೆ.

ಬಂದ ದಿನ ಇಬ್ಬರ ಎದೆಯಲ್ಲೂ ಸುಂಯ್ ಅನ್ನುವ ಸದ್ದು. ಇಬ್ಬರಿಗೂ ಒಂದೇ ನೆಬ್ಯುಲೈಸೇಶನ್. ಹುಡುಗಿ ಸ್ವಲ್ಪ ಹೊತ್ತಿಗೆಲ್ಲ ಎದ್ದು ಕೂತು ಫೋನ್ ನೋಡುತ್ತಿದ್ದಳು. ಅಮ್ಮನಿಗೆ ಕೊಂಚ ಹಗುರ ಆಯಿತು, ಅಷ್ಟೇ.

ಸುಧಾರಿಸಿದ ಮೇಲೆ ಸ್ಪೈರೋಮೆಟ್ರಿ ಮಾಡಿಸಿದರು. ಹುಡುಗಿ ಮೊದಲ ಸೆಕೆಂಡಿನಲ್ಲಿ ಊದಿದ್ದು 1.70 ಲೀಟರ್, ಒಟ್ಟು ಊದಿದ್ದು 2.80. ಪಂಪ್ ಕೊಟ್ಟ ಮೇಲೆ 2.25 ಮತ್ತು 2.95. ಅಮ್ಮನದು ಮೊದಲು 0.95 ಮತ್ತು 1.95, ಆಮೇಲೆ 1.05 ಮತ್ತು 2.10.

ನಮ್ಮ ಮೇಡಂ ಕೇಳಿದ್ದು ಇಷ್ಟು: "ಇಬ್ಬರಲ್ಲೂ ಗಾಳಿ ಹೊರಗೆ ಬರೋದಕ್ಕೆ ಎಲ್ಲಿ ಅಡ್ಡಿ, ಯಾಕೆ ಅಡ್ಡಿ, ಹೇಳು." ನಮ್ಮ ನೋಟ್ಸ್‌ನಲ್ಲಿ ಎರಡಕ್ಕೂ "ಶ್ವಾಸನಾಳ ಕಿರಿದಾಗುತ್ತದೆ" ಅಂತಲೇ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ತಿಪ್ಪೇಶ್_ಐಸಿಯು

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ ತಂಗಿ. ಪಂಪ್ ಕೊಟ್ಟಾಗ ನಾಳ ಬಿಚ್ಚಿಕೊಂಡರೆ ಆಸ್ತಮಾ, ಬಿಚ್ಚಿಕೊಳ್ಳದಿದ್ದರೆ ಸಿಒಪಿಡಿ. ನಿನ್ನ ನಂಬರುಗಳೇ ಹೇಳುತ್ತಿವೆ. ಹುಡುಗಿಗೆ 550 ಎಂ.ಎಲ್. ಏರಿದೆ, ಅಮ್ಮನಿಗೆ ಬರೀ 100. 12 ಪರ್ಸೆಂಟ್ ಮತ್ತು 200 ಎಂ.ಎಲ್., ಎರಡೂ ದಾಟಬೇಕು ಅಂತ ರೂಲ್ ಇದೆ. ಇಷ್ಟು ಬರೆದರೆ ಮಾರ್ಕ್ಸ್ ಗ್ಯಾರಂಟಿ.

ಚಳ್ಳಕೆರೆ_ಹುಡುಗ

ನಮ್ಮವ್ವಗೂ ದಮ್ಮು ಇದೆ. ಸೌದೆ ಒಲೆ ಮುಂದೆ ಕೂತರೆ ಜಾಸ್ತಿ ಆಗುತ್ತದೆ. ಬಾಳೆಹಣ್ಣು, ಮೊಸರು ಕೊಡಬೇಡಿ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಯಾವುದು ಕೊಡಬಹುದು ಅಂತ ಯಾರಾದರೂ ಹೇಳಿ.

ಎದೆವಾರ್ಡ್_ಸಿಸ್ಟರ್, ಚಿತ್ರದುರ್ಗ

ತಮ್ಮಾ, ಇಲ್ಲಿ ನಡೆಯುತ್ತಿರುವ ಮಾತು ಬೇರೆ. ಅಮ್ಮನಿಗೆ ಬಾಳೆಹಣ್ಣು ಅಲರ್ಜಿ ಇಲ್ಲದಿದ್ದರೆ ಕೊಡಿ, ಸುಮ್ನೆ ಊಟ ಬಿಡಿಸಿ ಸೊರಗಿಸಬೇಡಿ. ಒಲೆ ಹೊಗೆಯಿಂದ ಮೊದಲು ದೂರ ಇಡಿ. ಒಮ್ಮೆ ಸ್ಪೈರೋಮೆಟ್ರಿ ಮಾಡಿಸಿ. ದಮ್ಮು ಅಂದರೆ ಎಲ್ಲಾ ಒಂದೇ ಕಾಯಿಲೆ ಅಲ್ಲ.

ಕಾವ್ಯ, ತಿಪ್ಪೇಶ್ ಹೇಳಿದ ರೂಲ್ ಇದೆ ನಿಜ. ಆದರೆ ನಿಮ್ಮ ಮೇಡಂ ಕೇಳಿದ್ದು ಪಂಪ್ ಕೊಟ್ಟ ಮೇಲೆ ಏನಾಯಿತು ಅಂತ ಅಲ್ಲ. ಯಾಕೆ ಹಾಗಾಯಿತು ಅಂತ.

ಮೊದಲು ಹುಡುಗಿಯನ್ನು ತೆಗೆದುಕೊಳ್ಳಿ. ಅವಳ ಕಾಯಿಲೆ ನಾಳದ ಗೋಡೆಯಲ್ಲೇ ಇದೆ. ಧೂಳೋ ತಂಪು ಗಾಳಿಯೋ ತಗುಲಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಪದರ ಊದಿಕೊಳ್ಳುತ್ತದೆ. ಅದರ ಮೇಲೆ ಅಂಟು ಕಫ. ಹೀಗೆ ಮೂರೂ ಸೇರಿ ದಾರಿ ಸಣ್ಣ ಆಗುತ್ತದೆ. ಗಾಳಿ ನಯವಾಗಿ ಹರಿಯುವ ನಾಳದಲ್ಲಿ ಅಗಲ ಅರ್ಧಕ್ಕೆ ಇಳಿದರೆ ತಡೆ 16 ಪಟ್ಟು ಏರುತ್ತದೆ. ಅದಕ್ಕೇ ನಿನ್ನೆ ಆರಾಮಾಗಿದ್ದವಳು ಇವತ್ತು ಮಾತಾಡಲೂ ಆಗದೆ ಏದುಸಿರು ಬಿಡುತ್ತಾಳೆ. ಸಾಲ್ಬುಟಮಾಲ್ ಆ ಸ್ನಾಯುವನ್ನು ಸಡಿಲ ಮಾಡುತ್ತದೆ, ದಾರಿ ತೆರೆಯುತ್ತದೆ. ಊತ ಮಾತ್ರ ಅದಕ್ಕೆ ಬಗ್ಗಲ್ಲ, ಅದಕ್ಕೆ ಸ್ಟೀರಾಯ್ಡ್ ಬೇಕು, ಸಮಯವೂ ಬೇಕು. ಆದರೆ ನಾಳದ ಸುತ್ತಲಿನ ಶ್ವಾಸಕೋಶ ಹೆಚ್ಚುಕಮ್ಮಿ ಚೆನ್ನಾಗಿಯೇ ಇದೆ.

ಸಿಒಪಿಡಿಯಲ್ಲಿ ಎರಡು ಬೇರೆ ಕೆಲಸ ನಡೆದಿರುತ್ತವೆ. ಒಂದು, 2 ಮಿಲಿಮೀಟರ್‌ಗಿಂತ ಸಣ್ಣ ನಾಳಗಳು ವರ್ಷಾನುಗಟ್ಟಲೆ ಹೊಗೆ ಕುಡಿದು ಗಾಯದ ಕಲೆ ಕಟ್ಟಿ ದಪ್ಪ ಆಗಿರುತ್ತವೆ. ಆ ಕಲೆ ಸ್ನಾಯು ಅಲ್ಲ, ಪಂಪ್‌ಗೆ ಸಡಿಲ ಆಗುವಂಥದ್ದಲ್ಲ. ಎರಡನೆಯದು ಎಂಫಿಸೀಮಾ. ಜನ ಸರಿಯಾಗಿ ತಿಳಿದುಕೊಳ್ಳದೆ ಬಿಡುವುದು ಇದನ್ನೇ.

ಸಣ್ಣ ನಾಳಗಳಲ್ಲಿ ಮೆದು ಎಲುಬು ಇಲ್ಲ. ಅವು ತಾವಾಗಿಯೇ ತೆರೆದು ನಿಲ್ಲುವುದಿಲ್ಲ. ಸುತ್ತಲಿನ ಗಾಳಿಚೀಲಗಳ ಗೋಡೆಗಳು ಅವುಗಳನ್ನು ಎಲ್ಲ ಕಡೆಯಿಂದ ಎಳೆದು ಹಿಡಿದಿರುತ್ತವೆ, ಮದುವೆ ಮನೆಯ ಶಾಮಿಯಾನವನ್ನು ಸುತ್ತಲೂ ಹಗ್ಗ ಎಳೆದು ನಿಲ್ಲಿಸಿದ ಹಾಗೆ. ಎಂಫಿಸೀಮಾದಲ್ಲಿ ಗೋಡೆಗಳು ಕರಗಿ ಹೋಗುತ್ತವೆ, ಅಂದರೆ ಹಗ್ಗಗಳೇ ಹೋಗುತ್ತವೆ. ಬಟ್ಟೆ ಚೆನ್ನಾಗಿಯೇ ಇದೆ, ಆದರೂ ಶಾಮಿಯಾನ ಕುಸಿಯುತ್ತದೆ. ಉಸಿರು ಒಳಗೆ ತೆಗೆದುಕೊಳ್ಳುವಾಗ ನಾಳ ತೆರೆದುಕೊಳ್ಳುತ್ತದೆ, ಬಿಡುವಾಗ ಮುಚ್ಚಿಕೊಳ್ಳುತ್ತದೆ. ಗಾಳಿ ಒಳಗೇ ಉಳಿಯುತ್ತದೆ.

ಕಾವ್ಯ_ನರ್ಸಿಂಗ್2

ಸಿಸ್ಟರ್, ಇದು ಅರ್ಥ ಆಯಿತು. ಆದರೆ ಒಂದು ಡೌಟ್. ಮುಚ್ಚಿಕೊಂಡರೆ ಜೋರಾಗಿ ಊದಿದರೆ ಗಾಳಿ ಬರಲ್ವಾ? ಅಮ್ಮ ಹೊಟ್ಟೆ ಬಿಗಿಹಿಡಿದು ಎಷ್ಟು ಊದಿದರೂ ಗ್ರಾಫ್ ಮೇಲೇಳಲಿಲ್ಲ. ಟೆಕ್ನಿಷಿಯನ್ "ಜೋರಾಗಿ, ಇನ್ನೂ ಜೋರಾಗಿ" ಅಂತ ಕೂಗುತ್ತಲೇ ಇದ್ದರು.

ಎದೆವಾರ್ಡ್_ಸಿಸ್ಟರ್

ಒಳ್ಳೆ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಪೆನ್ನು ತಗೋ.

ನೀನು, ಅಂದರೆ ಆರೋಗ್ಯವಂತಳು, ಜೋರಾಗಿ ಊದುತ್ತೀಯ ಅಂದುಕೋ. ಎದೆಗೂಡು ಶ್ವಾಸಕೋಶವನ್ನು ಹೊರಗಿನಿಂದ 20 ಸೆಂಟಿಮೀಟರ್ ನೀರಿನಷ್ಟು ಒತ್ತಡದಿಂದ ಅದುಮುತ್ತದೆ. ಶ್ವಾಸಕೋಶಕ್ಕೆ ತಾನೇ ಕುಗ್ಗುವ ಗುಣ ಇದೆಯಲ್ಲ, ಅದು ಇನ್ನೊಂದು 10 ಸೇರಿಸುತ್ತದೆ. ಗಾಳಿಚೀಲದೊಳಗೆ ಒಟ್ಟು 30. ಬಾಯಿಯ ಹತ್ತಿರ ಸೊನ್ನೆ. ಹಾಗಾಗಿ ದಾರಿಯುದ್ದಕ್ಕೂ ಒತ್ತಡ 30ರಿಂದ ಸೊನ್ನೆಗೆ ಇಳಿಯುತ್ತಾ ಬರುತ್ತದೆ. ನಾಳದ ಹೊರಗಡೆ ಮಾತ್ರ ಎಲ್ಲ ಕಡೆ 20 ಅದುಮುತ್ತಲೇ ಇರುತ್ತದೆ. ಒಳಗಿನ ಒತ್ತಡ 20ಕ್ಕಿಂತ ಕೆಳಗೆ ಇಳಿದ ಜಾಗದಿಂದ ಮುಂದೆ ನಾಳ ಅದುಮಿಸಿಕೊಳ್ಳುತ್ತದೆ. ನಿನ್ನಲ್ಲಿ ಆ ಜಾಗ ದೊಡ್ಡ ನಾಳಗಳಲ್ಲಿ ಬರುತ್ತದೆ. ಅಲ್ಲಿ ಮೆದು ಎಲುಬು ಇದೆ, ಮುಚ್ಚಿಕೊಳ್ಳೋಲ್ಲ.

ಈಗ ಎಂಫಿಸೀಮಾ ಇರುವವರು. ಕುಗ್ಗುವ ಬಲ 10 ಇದ್ದದ್ದು 4ಕ್ಕೆ ಇಳಿದಿದೆ ಅಂದುಕೋ. ಗಾಳಿಚೀಲದೊಳಗೆ 24. ಹೊರಗೆ 20. ನಾಲ್ಕೇ ನಾಲ್ಕು ಇಳಿಯುವಷ್ಟರಲ್ಲಿ, ಅಂದರೆ ಇನ್ನೂ ಸಣ್ಣ ನಾಳದಲ್ಲೇ, ಒಳಗಿನ ಒತ್ತಡ ಹೊರಗಿನದಕ್ಕೆ ಸಮ ಆಗಿಬಿಡುತ್ತದೆ. ಮುಂದಿನ ಮೆತ್ತನೆ ನಾಳ ಚಪ್ಪಟೆ.

ಈಗ ಅವರು ಇನ್ನೂ ಜೋರು ಮಾಡಿ 40 ಒತ್ತಿದರು. ಒಳಗೆ 44, ಹೊರಗೆ 40. ವ್ಯತ್ಯಾಸ ಮತ್ತೆ ಅದೇ ನಾಲ್ಕು! ಒತ್ತಿದ್ದೆಲ್ಲ ನಾಳವನ್ನು ಮುಚ್ಚುವುದಕ್ಕೆ ಖರ್ಚು. ಅದಕ್ಕೇ ಕೂಗಿದರೂ ಗ್ರಾಫ್ ಏಳಲಿಲ್ಲ. ಅಮ್ಮನ ತಪ್ಪಲ್ಲ ಅದು. ಟೆಕ್ನಿಷಿಯನ್ ಕೂಗಬೇಕು, ಅದೂ ಸರಿಯೇ, ಇಲ್ಲದಿದ್ದರೆ ಟೆಸ್ಟ್ ಒಪ್ಪಲ್ಲ.

ಈ ಅಂಕಿಗಳು ಅರ್ಥ ಆಗಲಿ ಅಂತ ಇಟ್ಟುಕೊಂಡವು. ಪೇಷಂಟ್ ಪೇಷಂಟಿಗೂ ಬೇರೆ ಇರುತ್ತವೆ. ಉಬ್ಬಸ ಇರುವ ಹುಡುಗಿಯಲ್ಲೂ ಜೋರಾಗಿ ಊದಿದರೆ ನಾಳ ಅದುಮಿಸಿಕೊಳ್ಳುತ್ತದೆ. ಆದರೆ ಅವಳ ಕುಗ್ಗುವ ಬಲ ಉಳಿದಿದೆ, ಬಿಗಿದ ನಾಳ ಸಡಿಲ ಆದರೆ ಸಾಕು.

ಫಿಸಿಯೋ_ಮಂಜು, ದಾವಣಗೆರೆ

ಸಿಸ್ಟರ್ ಲೆಕ್ಕವನ್ನೇ ಹಿಡಿದು ಹೇಳುತ್ತೇನೆ. ಸಿಒಪಿಡಿ ಪೇಷಂಟುಗಳು ಯಾರೂ ಕಲಿಸದೇನೆ ತುಟಿ ಮುಂದೆ ಮಾಡಿ ಉಫ್ ಅಂತ ಬಿಡುವುದನ್ನು ನೋಡಿದ್ದೀರಾ? ಆಗ ಬಾಯಿಯ ಹತ್ತಿರ ಒತ್ತಡ ಸೊನ್ನೆ ಇರಲ್ಲ, ಸುಮಾರು 5 ಇರುತ್ತದೆ ಅಂದುಕೊಳ್ಳಿ. ಇಳಿಯಬೇಕಾದದ್ದು ಸೊನ್ನೆವರೆಗೆ ಅಲ್ಲ, 5ರವರೆಗೆ ಮಾತ್ರ. ಜೊತೆಗೆ ಜೋರು ಮಾಡದೆ ಮೆಲ್ಲಗೆ ಬಿಡುವುದರಿಂದ ಹೊರಗಿನ ಅದುಮುವಿಕೆಯೂ ಕಮ್ಮಿ. ಮುಚ್ಚುವ ಜಾಗ ಬಾಯಿಯ ಕಡೆಗೆ, ಅಂದರೆ ಗಟ್ಟಿ ನಾಳದ ಕಡೆಗೆ ಸರಿಯುತ್ತದೆ.

ಇನ್ನೊಂದು, ಟೈಮ್. ನಿಮಿಷಕ್ಕೆ 15 ಉಸಿರು ಅಂದರೆ ಒಂದು ಉಸಿರಿಗೆ 4 ಸೆಕೆಂಡ್, ಅದರಲ್ಲಿ ಬಿಡುವುದಕ್ಕೆ ಎರಡೂವರೆ ಸೆಕೆಂಡಿಗೂ ಜಾಸ್ತಿ ಸಿಗುತ್ತದೆ. ಮೆಟ್ಟಿಲು ಹತ್ತಿ 30ಕ್ಕೆ ಏರಿದರೆ ಒಂದು ಉಸಿರಿಗೆ ಎರಡೇ ಸೆಕೆಂಡ್. ಬಿಡುವುದಕ್ಕೆ ಒಂದೂಕಾಲು ಸೆಕೆಂಡ್ ಸಿಕ್ಕರೆ ಹೆಚ್ಚು. ಅಮ್ಮನ ಶ್ವಾಸಕೋಶ ಅಷ್ಟರಲ್ಲಿ ಖಾಲಿ ಆಗಲ್ಲ. ಹಿಂದಿನ ಗಾಳಿಯ ಮೇಲೆ ಹೊಸ ಗಾಳಿ. ಎದೆ ಉಬ್ಬುತ್ತಾ ಹೋಗುತ್ತದೆ, ಡಯಾಫ್ರಂ ಚಪ್ಪಟೆ ಆಗುತ್ತದೆ, ಕೊನೆಗೆ ಎಳೆದುಕೊಳ್ಳುವುದಕ್ಕೆ ಜಾಗವೇ ಇರಲ್ಲ. "ಉಸಿರು ಒಳಗೆ ಹೋಗ್ತಾ ಇಲ್ಲ" ಅಂತ ಹೇಳುತ್ತಾರೆ ನೋಡಿ, ನಿಜ ಕಾರಣ ಉಸಿರು ಹೊರಗೆ ಬರದೇ ಇರುವುದು.

ಅದಕ್ಕೇ ನಾನು ಕಲಿಸುವುದು: ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ತುಟಿ ಸಣ್ಣ ಮಾಡಿ ನಾಲ್ಕು ಎಣಿಸುವಷ್ಟು ಹೊರಗೆ. ಒತ್ತಿ ಊದಬಾರದು. "ಜೋರಾಗಿ ಬಿಡಿ ಅಮ್ಮ" ಅಂತ ಬೆಡ್ ಪಕ್ಕ ನಿಂತು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತಿಪ್ಪೇಶ್_ಐಸಿಯು

ಇದೆಲ್ಲಾ ಚೆನ್ನಾಗಿದೆ ಮಂಜಣ್ಣ. ಆದರೆ ಕೊನೆಗೆ ರಿವರ್ಸಿಬಲ್ ಹೌದಾ ಅಲ್ಲವಾ ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ ಅಲ್ವಾ? ನಾನು ಅದನ್ನೇ ಹೇಳಿದ್ದು.

ಪಲ್ಮೊ_ಪಿಜಿ

ತಿಪ್ಪೇಶ್ ಸರ್, ಅಲ್ಲೇ ಸ್ವಲ್ಪ ತೊಡಕು. ಸಿಒಪಿಡಿ ಪೇಷಂಟುಗಳಲ್ಲೂ 12 ಪರ್ಸೆಂಟ್, 200 ಎಂ.ಎಲ್. ದಾಟುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೂ ನಾಳದ ಸ್ನಾಯು ಇದೆ, ಅದೂ ಸ್ವಲ್ಪ ಬಿಗಿದಿರುತ್ತದೆ. ಹಳೇ ಆಸ್ತಮಾ ಪೇಷಂಟುಗಳಲ್ಲಿ ಗೋಡೆ ದಪ್ಪ ಆಗಿ ಏರದೇ ಇರುವುದೂ ಉಂಟು. ಟೆಸ್ಟಿನ ದಿನ ಆರಾಮಾಗಿದ್ದರೆ ಆಸ್ತಮಾದವರ ರಿಪೋರ್ಟ್ ಪೂರ್ತಿ ನಾರ್ಮಲ್ ಬರಬಹುದು. ಏರಿಕೆ ಒಂದು ಸುಳಿವು, ತೀರ್ಪಲ್ಲ. 2021ರ ಹೊಸ ಮಾನದಂಡದಲ್ಲಿ ಆ ರೂಲನ್ನೇ ಬದಲಿಸಿದ್ದಾರೆ. ಆ ವಯಸ್ಸು, ಎತ್ತರಕ್ಕೆ ಇರಬೇಕಾದ ಅಳತೆಯ 10 ಪರ್ಸೆಂಟ್‌ಗಿಂತ ಜಾಸ್ತಿ ಏರಬೇಕು ಅಂತ ನೋಡುತ್ತಾರೆ.

ಸಿಒಪಿಡಿ ಅನ್ನಲು ನಾವು ನೋಡುವುದು ಪಂಪ್ ಕೊಟ್ಟ ಮೇಲಿನ ಅನುಪಾತ. 400 ಮೈಕ್ರೋಗ್ರಾಂ ಸಾಲ್ಬುಟಮಾಲ್, ಸ್ಪೇಸರ್‌ನಲ್ಲಿ. 15 ನಿಮಿಷ ಕಾಯಬೇಕು. ಆಮೇಲೂ ಮೊದಲ ಸೆಕೆಂಡಿನದು ಒಟ್ಟಿನ 0.70ಕ್ಕಿಂತ ಕಮ್ಮಿ ಇದ್ದರೆ ಅಡ್ಡಿ ಉಳಿದಿದೆ ಅಂತ. ಕಾವ್ಯ ಕೊಟ್ಟ ಅಂಕಿ ಭಾಗಿಸಿ ನೋಡಿ. ಹುಡುಗಿ 0.61ರಿಂದ 0.76ಕ್ಕೆ ಬಂದಿದ್ದಾಳೆ, ಗೆರೆ ದಾಟಿದಳು. ಅಮ್ಮ 0.49ರಿಂದ 0.50. ಅಲ್ಲೇ ನಿಂತಿದೆ.

ಈಗ ಅಮ್ಮನ ಎರಡನೇ ಅಂಕಿ ನೋಡಿ, ಯಾರೂ ಗಮನಿಸಲಿಲ್ಲ. ಒಟ್ಟು ಊದಿದ್ದು 1.95ರಿಂದ 2.10 ಆಯಿತು. 150 ಎಂ.ಎಲ್. ಎಲ್ಲಿಂದ ಬಂತು? ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಸ್ವಲ್ಪ ಹೊರಗೆ ಬಂದಿರುವುದರಿಂದ. ಮೊದಲ ಸೆಕೆಂಡಿನ ಅಂಕಿ ಹೆಚ್ಚು ಏಳದಿದ್ದರೂ ಅವರಿಗೆ "ಕೊಂಚ ಹಗುರ" ಅನ್ನಿಸಿದ್ದು ಇದಕ್ಕೇ ಇರಬೇಕು. ಹಾಗಾಗಿ "ಸಿಒಪಿಡಿಗೆ ಪಂಪ್ ದಂಡ" ಅಂತ ಯಾರೂ ಬರೆಯಬೇಡಿ.

ಇನ್ನೊಂದು ವಿಷಯದಲ್ಲಿ ಮಾತ್ರ ಸಿಸ್ಟರ್ ಜೊತೆ ನನಗೆ ಅರ್ಧ ಒಪ್ಪಿಗೆ. ಶಾಮಿಯಾನದ ವಿವರಣೆ ಸಿಗರೇಟು ಸೇದಿ ಎಂಫಿಸೀಮಾ ಆದವರಿಗೆ ಸರಿ ಹೊಂದುತ್ತದೆ. ಒಲೆ, ಭಟ್ಟಿ ಹೊಗೆ ಕುಡಿದ ಹೆಂಗಸರಲ್ಲಿ ಎಂಫಿಸೀಮಾ ಕಮ್ಮಿ, ಸಣ್ಣ ನಾಳ ಕಲೆ ಕಟ್ಟುವುದೇ ಜಾಸ್ತಿ ಕಾಣುತ್ತದೆ. ಈ ಅಮ್ಮನಲ್ಲಿ ಹಗ್ಗ ಹೋಗಿದೆಯೋ ಬಟ್ಟೆಯೇ ಮುದುಡಿದೆಯೋ, ಸಿಟಿ ಸ್ಕ್ಯಾನ್ ಇಲ್ಲದೆ ನಾನು ಹೇಳಲಾರೆ.

ಎದೆವಾರ್ಡ್_ಸಿಸ್ಟರ್

ಅದು ಸರಿ ಡಾಕ್ಟ್ರೇ. ನಮ್ಮ ಒಪಿಡಿಗೆ ಬರುವ ಇಂಥ ಹೆಂಗಸರಿಗೆ ಕಫವೇ ಜಾಸ್ತಿ, ತೆಳ್ಳಗೆ ಉಬ್ಬಿದ ಎದೆಯವರು ಕಮ್ಮಿ. ಆದರೆ ಎರಡೂ ಬೆರೆತವರನ್ನೂ ನೋಡುತ್ತೇವೆ. ಪರೀಕ್ಷೆಗೆ ಕಾವ್ಯ ಎರಡನ್ನೂ ಬರೆಯಲಿ.

ಬೆಣ್ಣೆದೋಸೆ_ಬಸಣ್ಣ

ನಾನು ಆಸ್ಪತ್ರೆಯವನಲ್ಲ. ನಮ್ಮ ಮನೆ ಭಟ್ಟಿಗಳ ಕಡೆಗೇ ಇರುವುದು. ಸಂಜೆ ಮೆಣಸಿನಕಾಯಿ ಮಂಡಕ್ಕಿ ತಿನ್ನುವವರಿಗೆ ಅದು ಎಲ್ಲಿ ಹುರಿದದ್ದು ಅಂತ ನೆನಪಾಗಲ್ಲ. ಭತ್ತದ ಹೊಟ್ಟು ಉರಿಸುತ್ತಾರೆ, ಒಂದು ಕಾಲದಲ್ಲಿ ಹಳೇ ಟಯರನ್ನೂ ಹಾಕುತ್ತಿದ್ದರು. ಬಾಣಲೆ ಮುಂದೆ ನಿಂತವರ ಮುಖಕ್ಕೇ ಹೊಗೆ. ನಮ್ಮ ಅತ್ತಿಗೆಗೆ ಕೆಮ್ಮು ಇದೆ, "ಉಬ್ಬಸ" ಅಂತ ಹೇಳಿ ಮಾತ್ರೆ ಕೊಡುತ್ತಾ ಬಂದಿದ್ದಾರೆ. ಊದಿಸುವ ಟೆಸ್ಟ್ ಅಂತ ಒಂದಿದೆ ಅನ್ನುವುದೇ ನನಗೆ ಇವತ್ತು ಗೊತ್ತಾಗಿದ್ದು. ಎಲ್ಲಿ ಮಾಡುತ್ತಾರೆ?

ಫಿಸಿಯೋ_ಮಂಜು

ಬಸಣ್ಣ, ಎದೆ ಡಾಕ್ಟರು ಇರುವ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಅತ್ತಿಗೆಯವರಿಗೆ ಎಷ್ಟು ವರ್ಷ ಭಟ್ಟಿ, ಮನೆಯಲ್ಲಿ ಎಷ್ಟು ವರ್ಷ ಸೌದೆ ಒಲೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೀಡಿ ಸೇದಲ್ಲ ಅಂದ ತಕ್ಷಣ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತಾರೆ.

ಕಾವ್ಯ_ನರ್ಸಿಂಗ್2

ಹಾಗಾದರೆ ಮಂಜಣ್ಣ, ತುಟಿ ಸಣ್ಣ ಮಾಡಿ ಬಿಡುವುದನ್ನು ಆ ಹುಡುಗಿಗೂ ಕಲಿಸಬಹುದಾ? ಇನ್ನೊಂದು, ಬೆಡ್ ಪಕ್ಕದಲ್ಲಿ ಮಿಷಿನ್ ಇಲ್ಲದೆ ಅಡ್ಡಿ ಇದೆ ಅಂತ ತಿಳಿಯುವುದು ಹೇಗೆ?

ಎದೆವಾರ್ಡ್_ಸಿಸ್ಟರ್

ಎರಡನೆಯದು ಸುಲಭ. ಸ್ಟೆತೊಸ್ಕೋಪನ್ನು ಗಂಟಲ ಕೆಳಗೆ, ಶ್ವಾಸನಾಳದ ಮೇಲೆ ಇಡು. ಎದೆ ತುಂಬಾ ಉಸಿರು ಎಳೆದು, ಬಾಯಿ ತೆರೆದು ಪೂರ್ತಿ ಬಿಡಿ ಅನ್ನು. ಸದ್ದು ನಿಲ್ಲುವವರೆಗೆ ವಾಚ್ ನೋಡು. 6 ಸೆಕೆಂಡ್ ದಾಟಿಯೂ ಸದ್ದು ಕೇಳುತ್ತಿದ್ದರೆ ಅಡ್ಡಿ ಇರುವ ಸಾಧ್ಯತೆ ಜಾಸ್ತಿ. ಯಾವ ಕಾಯಿಲೆ ಅಂತ ಅದು ಹೇಳಲ್ಲ. ತುಂಬಾ ಏದುಸಿರು ಇರುವವರಿಗೆ ಇದನ್ನು ಮಾಡಿಸಲೂಬಾರದು.

ಮೊದಲನೆಯದಕ್ಕೆ, ಜೋರು ಉಬ್ಬಸದ ಹೊತ್ತಿನಲ್ಲಿ ತುಟಿ ಪಾಠ ಮಾಡುತ್ತಾ ನಿಲ್ಲಬೇಡ. ನಾಳ ಬಿಗಿದಿದೆ, ಕಫ ಗಟ್ಟಿಯಾಗಿ ಕೂತಿದೆ. ಔಷಧಿ ಮೊದಲು. ಆ ಹೊತ್ತಿನಲ್ಲಿ ಕಿವಿ ಚುರುಕಾಗಿರಲಿ. ಸುಂಯ್ ಅನ್ನಬೇಕಾದರೆ ಗಾಳಿ ಓಡಾಡಬೇಕು. ಸದ್ದು ನಿಂತಿದೆ, ಆದರೆ ಹುಡುಗಿ ಒಂದು ವಾಕ್ಯ ಪೂರ್ತಿ ಹೇಳಲಾರಳು, ಬೆವರುತ್ತಿದ್ದಾಳೆ, ಮಂಕಾಗುತ್ತಿದ್ದಾಳೆ ಅಂದರೆ ಕಮ್ಮಿ ಆಯಿತು ಅಂತ ಬರೆಯಬೇಡ. ಗಾಳಿ ಓಡುವುದೇ ನಿಂತಿದೆ ಅಂತ ಅರ್ಥ. ಡಾಕ್ಟರನ್ನು ಕೂಗು. ಪಕ್ಕದ ಅಮ್ಮನಲ್ಲಿ ಎಂಫಿಸೀಮಾ ಇದ್ದರೆ ಉಸಿರಿನ ಸದ್ದು ದಿನವೂ ಮೆಲ್ಲಗೇ ಕೇಳಬಹುದು. ಅವರಿಗೆ ನಿನ್ನೆಯ ಸದ್ದಿಗೆ ಇವತ್ತಿನದನ್ನು ಹೋಲಿಸಬೇಕು.

ಫಿಸಿಯೋ_ಮಂಜು

ಔಷಧಿ ಮೊದಲು, ಒಪ್ಪಿದೆ. ಆದರೆ ನೆಬ್ಯುಲೈಸರ್ ಓಡುತ್ತಿರುವಾಗ "ಮೆಲ್ಲಗೆ ಬಿಡಮ್ಮಾ, ಪೂರ್ತಿ ಬಿಡು" ಅಂತ ಪಕ್ಕದಲ್ಲಿ ಕೂತು ಹೇಳಿದರೆ ಗಾಬರಿ ಇಳಿದು ಉಸಿರಿನ ವೇಗ ಇಳಿಯುತ್ತದೆ. ಉಬ್ಬಸದಲ್ಲೂ ಗಾಳಿ ತುಂಬಿಕೊಳ್ಳುತ್ತದೆ ಸಿಸ್ಟರ್. ಅದನ್ನು ನಾನಂತೂ ಬಿಡಲ್ಲ.

ಎದೆವಾರ್ಡ್_ಸಿಸ್ಟರ್

ಕೂತು ಹೇಳುವುದಕ್ಕೆ ನಿಮಗೆ ಪುರುಸೊತ್ತಿದೆ. ರಾತ್ರಿ ಡ್ಯೂಟಿಯಲ್ಲಿ ಒಬ್ಬಳೇ ಇರುವ ಸ್ಟಾಫಿಗೆ ಯಾವುದು ಮೊದಲು ಅನ್ನುವುದು ನನ್ನ ಮಾತು.

ಕಾವ್ಯ_ನರ್ಸಿಂಗ್2

ಇವತ್ತು ಇನ್ನೊಂದು ಹೊಸ ವಿಷಯ ಸಿಕ್ಕಿತು. ಅಮ್ಮನ ಮಗಳು ಊಟ ತಂದಾಗ ಮಾತಾಡುತ್ತಾ ಹೇಳಿದಳು, ಅಮ್ಮನಿಗೆ ಚಿಕ್ಕ ಹುಡುಗಿ ಆಗಿದ್ದಾಗಲೂ ಮಳೆಗಾಲದಲ್ಲಿ ಉಬ್ಬಸ ಬರುತ್ತಿತ್ತಂತೆ. ಮದುವೆ ಆದ ಮೇಲೆ ನಿಂತಿತ್ತಂತೆ. ಕೇಸ್ ಶೀಟ್‌ನಲ್ಲಿ ಇದು ಇಲ್ಲ.

ತಿಪ್ಪೇಶ್_ಐಸಿಯು

ಅಷ್ಟು ಹಳೇದನ್ನು ಹಿಡಿದುಕೊಂಡು ಏನು ಮಾಡುತ್ತೀಯ? ಈಗ ಅನುಪಾತ 0.50. ಸಿಒಪಿಡಿ.

ಪಲ್ಮೊ_ಪಿಜಿ

ಇಲ್ಲ ಸರ್, ಇದು ಮುಖ್ಯ. ಆ ಅಡ್ಡಿಯಲ್ಲಿ ಸ್ವಲ್ಪ ಪಾಲು ಹಳೇ ಆಸ್ತಮಾದ್ದೇ ಇರಬಹುದು. ಆಗ ಇನ್ಹೇಲರ್‌ನಲ್ಲಿ ಸ್ಟೀರಾಯ್ಡ್ ಇಲ್ಲದೆ ಬರೀ ನಾಳ ಹಿಗ್ಗಿಸುವ ಔಷಧಿ ಕೊಟ್ಟು ಕಳಿಸುವುದು ಸರಿಯಲ್ಲ. ಕಾವ್ಯ, ಇವತ್ತೇ ಡ್ಯೂಟಿ ಡಾಕ್ಟರಿಗೆ ಹೇಳಿ, ನರ್ಸಸ್ ನೋಟ್‌ನಲ್ಲೂ ಬರೆಯಿರಿ. ರಕ್ತದಲ್ಲಿ ಇಯೋಸಿನೋಫಿಲ್ ಎಷ್ಟಿದೆ ಅಂತ ನೋಡುತ್ತಾರೆ. ಚಿಕಿತ್ಸೆ ಕೊಟ್ಟು ಕೆಲವು ವಾರ ಬಿಟ್ಟು ಮತ್ತೆ ಊದಿಸಿದರೆ ಅಂಕಿ ಎಷ್ಟಕ್ಕೆ ಬರುತ್ತದೆ ಅನ್ನುವುದರ ಮೇಲೆ ಹೋಗಬೇಕು.

ಕಾವ್ಯ_ನರ್ಸಿಂಗ್2

ಹೇಳಿದೆ ಡಾಕ್ಟ್ರೇ. ಇಯೋಸಿನೋಫಿಲ್‌ಗೆ ರಕ್ತ ಕಳಿಸಿದ್ದಾರೆ, ರಿಪೋರ್ಟ್ ಇನ್ನೂ ಬಂದಿಲ್ಲ. ಹಳೇ ಚೀಟಿಗಳು ಮನೆಯ ಟ್ರಂಕಿನಲ್ಲಿ ಇರಬಹುದು, ಹುಡುಕಿ ತರುತ್ತೇನೆ ಅಂತ ಮಗಳು ಹೇಳಿದ್ದಾಳೆ. ಬಂದ ಮೇಲೆ ಇಲ್ಲೇ ಹಾಕುತ್ತೇನೆ.